ಲಾಭ ಲೆಕ್ಕದಲ್ಲಿದೆ, ಹಣ ಎಲ್ಲಿದೆ? ಅಲ್ಪಪಾಲಿನ ಷೇರುದಾರರೊಬ್ಬರಿಗಾಗಿ ಓದಿದ ಬ್ಯಾಲೆನ್ಸ್ ಶೀಟ್

ಬೆಂಗಳೂರಿನ ಪೀಣ್ಯದಲ್ಲಿ ಅಣ್ಣ ತಮ್ಮಂದಿರಿಬ್ಬರು ಸೇರಿ ಕಟ್ಟಿದ, ಯಂತ್ರಗಳ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಪ್ರಕರಣವಿದು. ಗುರುತು ಸಿಗದಂತೆ ವಿವರಗಳನ್ನೂ ಅಂಕಿಗಳನ್ನೂ ಬದಲಿಸಿದ್ದೇನೆ, ಆದರೆ ಅಂಕಿಗಳ ನಡುವಿನ ಸಂಬಂಧವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ತಮ್ಮ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿದ್ದ 70,000 ಷೇರುಗಳು ಮೈಸೂರಿನಲ್ಲಿ ಉಪನ್ಯಾಸಕಿಯಾಗಿರುವ ಮಗಳಿಗೆ ಬಂದವು. ಕಂಪನಿಯ ಒಟ್ಟು ಷೇರುಗಳು ₹10 ಮುಖಬೆಲೆಯ 5,00,000. ಅಂದರೆ ಆಕೆಯ ಪಾಲು ಶೇ 14. ಉಳಿದ ಶೇ 86 ದೊಡ್ಡಪ್ಪ, ದೊಡ್ಡಮ್ಮ, ಅವರ ಮಗ ಮತ್ತು ಇನ್ನಿಬ್ಬರು ಹತ್ತಿರದ ಬಂಧುಗಳಲ್ಲಿದೆ. ದೊಡ್ಡಪ್ಪ ವ್ಯವಸ್ಥಾಪಕ ನಿರ್ದೇಶಕರು, ಅವರ ಮಗ ಇನ್ನೊಬ್ಬ ನಿರ್ದೇಶಕ.

ಕೆಲವು ವರ್ಷಗಳಿಂದ ಲಾಭಾಂಶ ಬಂದಿಲ್ಲ. ಕೇಳಿದಾಗಲೆಲ್ಲ ದೊಡ್ಡಪ್ಪನ ಉತ್ತರ ಒಂದೇ: “ದುಡ್ಡೆಲ್ಲ ಕಂಪನಿಯಲ್ಲೇ ಇದೆಯಮ್ಮ, ನಿನ್ನ ಪಾಲೂ ಬೆಳೀತಾನೇ ಇದೆ.” 2025ರ ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಮಹಾಸಭೆಯ ನೋಟಿಸು, ನಿರ್ದೇಶಕರ ವರದಿ, ಲೆಕ್ಕಪರಿಶೋಧಕರ ವರದಿ ಹಾಗೂ 2025ರ ಮಾರ್ಚ್ 31ಕ್ಕೆ ಅಂತ್ಯಗೊಂಡ ವರ್ಷದ ಲೆಕ್ಕಪತ್ರಗಳು ಆಕೆಯ ಕೈ ಸೇರಿದವು. ಕಂಪನಿ ಕಾಯ್ದೆ 2013ರ 136ನೇ ಕಲಮಿನಂತೆ ಇವನ್ನು ಸಭೆಗೆ ಕನಿಷ್ಠ 21 ದಿನ ಮೊದಲು ಪ್ರತಿ ಷೇರುದಾರರಿಗೂ ಕಳುಹಿಸಬೇಕು. ಎಲ್ಲವನ್ನೂ ಒಂದೇ ಪುಟದಲ್ಲಿ ಅರ್ಥವಾಗುವಂತೆ ಬರೆದುಕೊಡಿ ಎಂದು ಆಕೆ ನನ್ನನ್ನು ಕೇಳಿದರು.

ನಿರ್ದೇಶಕರ ವರದಿಯಲ್ಲಿ ಮೂರು ವಾಕ್ಯಗಳು

ಪಾವತಿಯಾದ ಬಂಡವಾಳ ₹4 ಕೋಟಿಯನ್ನೂ ವಹಿವಾಟು ₹40 ಕೋಟಿಯನ್ನೂ ಮೀರದ ಖಾಸಗಿ ಕಂಪನಿ ಆ ವರ್ಷದ ನಿಯಮದಂತೆ ‘ಸಣ್ಣ ಕಂಪನಿ’ ಎನಿಸಿಕೊಳ್ಳುತ್ತಿತ್ತು. ₹50 ಲಕ್ಷ ಬಂಡವಾಳ, ಸುಮಾರು ₹9.6 ಕೋಟಿ ವಹಿವಾಟಿನ ಈ ಕಂಪನಿ ಆ ವರ್ಗಕ್ಕೆ ಸೇರುತ್ತದೆ. ಇದರಿಂದ ಓದುಗರಿಗೆ ಮೂರು ಕಡೆ ಮಾಹಿತಿ ಕಡಿಮೆಯಾಗುತ್ತದೆ. ನಿರ್ದೇಶಕರು ಸಂಕ್ಷಿಪ್ತ ರೂಪದ ವರದಿ ಕೊಟ್ಟರೆ ಸಾಕು, ಮತ್ತು ಕಂಪನಿ ಕೊಟ್ಟ ಸಾಲಗಳ ವಿವರ ಆ ಸಂಕ್ಷಿಪ್ತ ವರದಿಯ ಪಟ್ಟಿಯಲ್ಲಿಲ್ಲ. ನಗದು ಹರಿವಿನ ಪಟ್ಟಿ ಕಡ್ಡಾಯವಲ್ಲ. ನಿರ್ದೇಶಕರಿಗೆ ಕೊಟ್ಟ ಸಾಲದ ವಿಷಯದಲ್ಲಿ ಕಾಯ್ದೆ ಪಾಲನೆಯಾಗಿದೆಯೇ ಎಂದು ಲೆಕ್ಕಪರಿಶೋಧಕರು ಪ್ರತ್ಯೇಕವಾಗಿ ಬರೆಯಬೇಕಾದ 2020ರ ಆದೇಶವೂ ಸಣ್ಣ ಕಂಪನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಲೆಕ್ಕಪರಿಶೋಧಕರ ವರದಿಯಲ್ಲಿ ಆಕ್ಷೇಪಣೆಯೇನೂ ಇಲ್ಲ ಎಂಬುದರಿಂದ ಹೆಚ್ಚಿನ ಸಮಾಧಾನ ಪಡೆಯುವಂತಿರಲಿಲ್ಲ.

ನಾಲ್ಕು ಪುಟದ ವರದಿಯಲ್ಲಿ ಬಹುಪಾಲು ಪ್ರತಿ ವರ್ಷವೂ ಹಾಗೆಯೇ ಮುದ್ರಣವಾಗುವ ಮಾತುಗಳು. ಅವುಗಳ ನಡುವೆ ಮೂರು ವಾಕ್ಯಗಳಿಗೆ ನಾನು ಗೆರೆ ಎಳೆದೆ. ಮೊದಲನೆಯದು, ಕಾರ್ಯಬಂಡವಾಳದ ಅಗತ್ಯವನ್ನು ಗಮನದಲ್ಲಿಟ್ಟುಕೊಂಡು ಮಂಡಳಿ ಲಾಭಾಂಶವನ್ನು ಶಿಫಾರಸು ಮಾಡಿಲ್ಲ ಎಂಬುದು. ಎರಡನೆಯದು, ಸಂಬಂಧಿತ ಪಕ್ಷಗಳೊಂದಿಗಿನ ವ್ಯವಹಾರಗಳೆಲ್ಲ ಸಾಮಾನ್ಯ ವ್ಯಾಪಾರದ ಭಾಗವಾಗಿ, ಹೊರಗಿನವರೊಡನೆ ನಡೆಸುವಂಥ ದರದಲ್ಲೇ ನಡೆದಿವೆ ಎಂಬುದು. ಮೂರನೆಯದು, ವಿಸ್ತರಣೆಗೆ ಬೇಕಾದ ಹಣಕ್ಕಾಗಿ ಈಗಿರುವ ಷೇರುದಾರರಿಗೆ ಒಂದಕ್ಕೆ ಒಂದರಂತೆ, ಮುಖಬೆಲೆಗೇ, ಹಕ್ಕಿನ ಷೇರುಗಳನ್ನು ನೀಡಲು ಮಂಡಳಿ ಉದ್ದೇಶಿಸಿದೆ ಎಂಬುದು. ಸಭೆಯ ನೋಟಿಸಿನಲ್ಲಿ ಇದಕ್ಕೆ ಸರಿಹೊಂದುವ ವಿಷಯವೂ ಇತ್ತು: ಅಧಿಕೃತ ಬಂಡವಾಳವನ್ನು ₹50 ಲಕ್ಷದಿಂದ ₹1 ಕೋಟಿಗೆ ಏರಿಸುವ ಠರಾವು. ಠರಾವನ್ನಷ್ಟೇ ಓದಿದವರಿಗೆ ಅದು ಬರಿಯ ಔಪಚಾರಿಕ ತಿದ್ದುಪಡಿಯಂತೆ ಕಾಣುತ್ತದೆ.

ಈ ಮೂರು ವಾಕ್ಯಗಳು ಬೇರೆಬೇರೆ ಪುಟಗಳಲ್ಲಿದ್ದರೂ ಒಂದೇ ಪ್ರಶ್ನೆಗೆ ಸಂಬಂಧಿಸಿದವು. ಲಾಭ ಮಾಡುವ, ಲಾಭ ಹಂಚದ ಕಂಪನಿಗೆ ಷೇರುದಾರರಿಂದ ಮತ್ತೆ ಹಣ ಏಕೆ ಬೇಕಾಯಿತು?

ಎರಡು ವರ್ಷಗಳ ನಡುವಿನ ವ್ಯತ್ಯಾಸ

ಬ್ಯಾಲೆನ್ಸ್ ಶೀಟನ್ನು ಸುಲಭವಾಗಿ ಓದಲು ಬರುವಂತೆ ಲಕ್ಷ ರೂಪಾಯಿಗಳಲ್ಲಿ ಹೀಗೆ ಇಳಿಸಿಕೊಂಡೆ.

| ವಿವರ | 31-3-2025 | 31-3-2024 |
|---|---|---|
| ಷೇರು ಬಂಡವಾಳ | 50 | 50 |
| ಮೀಸಲು ಮತ್ತು ಹೆಚ್ಚುವರಿ | 510 | 442 |
| ಬ್ಯಾಂಕಿನ ಅವಧಿ ಸಾಲ | 90 | 120 |
| ಬ್ಯಾಂಕಿನ ಕ್ಯಾಶ್ ಕ್ರೆಡಿಟ್ | 150 | 95 |
| ಸರಕು ಕೊಟ್ಟವರಿಗೆ ಬಾಕಿ | 120 | 110 |
| ಇತರ ಹೊಣೆಗಳು | 40 | 43 |
| ಒಟ್ಟು | 960 | 860 |
| ಕಟ್ಟಡ, ಯಂತ್ರ (ಸವಕಳಿ ಕಳೆದು) | 280 | 300 |
| ದಾಸ್ತಾನು | 170 | 165 |
| ಗಿರಾಕಿಗಳಿಂದ ಬರಬೇಕಾದದ್ದು | 240 | 230 |
| ನಗದು ಮತ್ತು ಬ್ಯಾಂಕ್ ಶಿಲ್ಕು | 15 | 35 |
| ಸಾಲ ಮತ್ತು ಮುಂಗಡಗಳು | 255 | 130 |
| ಒಟ್ಟು | 960 | 860 |

ಮೀಸಲು ₹442 ಲಕ್ಷದಿಂದ ₹510 ಲಕ್ಷಕ್ಕೆ ಏರಿದೆ. ಏರಿಕೆಯ ₹68 ಲಕ್ಷ ಆ ವರ್ಷದ ತೆರಿಗೆ ನಂತರದ ಲಾಭ. ದೊಡ್ಡಪ್ಪನ ಮಾತಿಗೆ ಆಧಾರವೂ ಇದೇ ಸಾಲು. ಆದರೆ ಮೀಸಲು ಎಂಬುದು ಬೀರುವಿನಲ್ಲಿಟ್ಟ ಹಣವಲ್ಲ. ಮಾಲೀಕರ ಪಾಲಿಗೆ ಸೇರಬೇಕಾದ ಮೊತ್ತ ಎಷ್ಟು ಎಂಬುದನ್ನು ಅದು ಹೇಳುತ್ತದೆ, ಆ ಮೊತ್ತ ಈಗ ಯಾವ ರೂಪದಲ್ಲಿದೆ ಎಂಬುದನ್ನು ಆಸ್ತಿಯ ಕಡೆಯ ಸಾಲುಗಳೇ ಹೇಳಬೇಕು. ನಗದು ಹರಿವಿನ ಪಟ್ಟಿ ಇಲ್ಲದಿದ್ದರಿಂದ ಎರಡು ವರ್ಷಗಳ ಅಂಕಿಗಳ ವ್ಯತ್ಯಾಸದಿಂದಲೇ ಅದನ್ನು ಕಟ್ಟಿಕೊಳ್ಳಬೇಕಾಯಿತು. ಇದು ಅರ್ಧ ಗಂಟೆಯ ಕೆಲಸ, ಕೂಡು ಕಳೆಯುವಿಕೆಗಿಂತ ಹೆಚ್ಚಿನದೇನೂ ಬೇಕಿಲ್ಲ.

ಲಾಭ ₹68 ಲಕ್ಷ. ಸವಕಳಿಯೆಂದು ಕಳೆದ ₹32 ಲಕ್ಷ ನಗದಾಗಿ ಹೊರಹೋದದ್ದಲ್ಲವಾದ್ದರಿಂದ ಅದನ್ನು ಕೂಡಿಸಿದರೆ, ವ್ಯಾಪಾರದಿಂದ ಹುಟ್ಟಿದ ಹಣ ₹100 ಲಕ್ಷ. ದಾಸ್ತಾನು, ಗಿರಾಕಿ ಬಾಕಿ, ಕೊಡಬೇಕಾದ ಬಾಕಿಗಳ ಏರಿಳಿತದಲ್ಲಿ ₹8 ಲಕ್ಷ ಕಟ್ಟಿಬಿದ್ದಿದೆ. ಹೊಸ ಯಂತ್ರಕ್ಕೆ ₹12 ಲಕ್ಷ, ಅವಧಿ ಸಾಲದ ಮರುಪಾವತಿಗೆ ₹30 ಲಕ್ಷ ಹೋಗಿದೆ. ಇಷ್ಟೆಲ್ಲ ಕಳೆದ ಮೇಲೂ ₹50 ಲಕ್ಷ ಕೈಯಲ್ಲಿ ಉಳಿಯಬೇಕಿತ್ತು. ಆದರೆ ನಗದು ಶಿಲ್ಕು ₹20 ಲಕ್ಷ ಇಳಿದಿದೆ, ಕ್ಯಾಶ್ ಕ್ರೆಡಿಟ್ ಸಾಲ ₹55 ಲಕ್ಷ ಏರಿದೆ. ಉಳಿಯಬೇಕಿದ್ದ ₹50 ಲಕ್ಷ, ಕರಗಿದ ಶಿಲ್ಕಿನ ₹20 ಲಕ್ಷ, ಬ್ಯಾಂಕಿನಿಂದ ಹೊಸದಾಗಿ ಎತ್ತಿದ ₹55 ಲಕ್ಷ ಮೂರನ್ನೂ ಕೂಡಿದರೆ ₹125 ಲಕ್ಷವಾಗುತ್ತದೆ. ಸಾಲ ಮತ್ತು ಮುಂಗಡಗಳ ಸಾಲಿನಲ್ಲಿ ಆಗಿರುವ ಏರಿಕೆಯೂ ಸರಿಯಾಗಿ ₹125 ಲಕ್ಷವೇ. ‘ಕಾರ್ಯಬಂಡವಾಳದ ಅಗತ್ಯ’ ಎಂದು ವರದಿ ಹೇಳಿದ್ದಕ್ಕೆ ಹೋದದ್ದು ₹8 ಲಕ್ಷ ಮಾತ್ರ.

ಮುಂಗಡವೋ, ಸಾಲವೋ

ಆ ಸಾಲಿನ ಟಿಪ್ಪಣಿಯಲ್ಲಿ ಜಿಎಸ್‌ಟಿ ಜಮೆ ಮತ್ತು ಸಿಬ್ಬಂದಿ ಮುಂಗಡಗಳೆಂದು ₹45 ಲಕ್ಷ ಇತ್ತು; ಹಿಂದಿನ ವರ್ಷವೂ ಅಷ್ಟೇ. ಉಳಿದ ₹210 ಲಕ್ಷವನ್ನು ‘ಸರಕು ಪೂರೈಕೆದಾರರಿಗೆ ಮುಂಗಡ’ ಎಂದು ಒಂದೇ ಸಾಲಿನಲ್ಲಿ ತೋರಿಸಲಾಗಿತ್ತು, ಹೆಸರಿರಲಿಲ್ಲ. ಹಿಂದಿನ ವರ್ಷ ಇದು ₹85 ಲಕ್ಷ. ಹೆಸರು ಸಿಕ್ಕಿದ್ದು ಕಟ್ಟಿನ ಕೊನೆಯ ಪುಟಗಳಲ್ಲಿದ್ದ ಸಂಬಂಧಿತ ಪಕ್ಷಗಳ ಟಿಪ್ಪಣಿಯಲ್ಲಿ. ದೊಡ್ಡಪ್ಪನ ಮಗ ಪಾಲುದಾರನಾಗಿರುವ ಒಂದು ಪಾಲುದಾರಿಕೆ ಸಂಸ್ಥೆ, ಆ ವರ್ಷ ಅದರಿಂದ ಖರೀದಿಸಿದ ಸರಕು ₹18 ಲಕ್ಷ, ವರ್ಷಾಂತ್ಯಕ್ಕೆ ಅದರಿಂದ ಬರಬೇಕಾದ ಬಾಕಿ ₹210 ಲಕ್ಷ. ಬಡ್ಡಿಯ ಸಾಲೇ ಇಲ್ಲ.

ಇಡೀ ಪ್ರಕರಣದ ತಿರುಳಿರುವುದು ಈ ಎರಡು ಅಂಕಿಗಳಲ್ಲಿ. ಸರಕಿಗೆಂದು ಮುಂಗಡ ಕೊಡುವುದು ವ್ಯಾಪಾರದಲ್ಲಿ ಸಹಜ, ಒಂದೆರಡು ತಿಂಗಳ ಖರೀದಿಯಷ್ಟು ಕೊಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ವರ್ಷಕ್ಕೆ ₹18 ಲಕ್ಷದ ಸರಕು ಕೊಡುವವರಲ್ಲಿ ₹210 ಲಕ್ಷ ಇಟ್ಟಿದ್ದರೆ ಅದು ಹನ್ನೊಂದು ವರ್ಷಕ್ಕೂ ಹೆಚ್ಚಿನ ಖರೀದಿಗೆ ಸಮ. ಬ್ಯಾಲೆನ್ಸ್ ಶೀಟಿನಲ್ಲಿ ಇಟ್ಟ ಹೆಸರು ಏನೇ ಇರಲಿ, ಇದರ ನಡೆ ಸಾಲದ್ದೇ. ಸಾಲವೆಂದೇ ತೋರಿಸಿದ್ದರೆ, ನಿರ್ದೇಶಕರಿಗೂ ಸಂಬಂಧಿತ ಪಕ್ಷಗಳಿಗೂ ಅವಧಿಯ ಕರಾರಿಲ್ಲದೆ ಕೊಟ್ಟ ಸಾಲ ಒಟ್ಟು ಸಾಲಗಳಲ್ಲಿ ಶೇಕಡ ಎಷ್ಟು ಎಂಬುದನ್ನು ಕಾಯ್ದೆಯ 3ನೇ ಅನುಸೂಚಿಯಂತೆ ಬೇರೆಯಾಗಿ ಬರೆಯಬೇಕಿತ್ತು. ‘ಪೂರೈಕೆದಾರರಿಗೆ ಮುಂಗಡ’ ಎಂಬ ತಲೆಬರಹ ಆ ಸಾಲನ್ನೂ ತಪ್ಪಿಸಿತು.

ಕಾನೂನಿನ ತೊಡಕು ಇದಕ್ಕಿಂತ ದೊಡ್ಡದು. ನಿರ್ದೇಶಕರಾಗಲಿ ಅವರ ಬಂಧುವಾಗಲಿ ಪಾಲುದಾರರಾಗಿರುವ ಸಂಸ್ಥೆಗೆ ಕಂಪನಿ ಸಾಲ ಕೊಡುವುದನ್ನು 185ನೇ ಕಲಮು ನೇರವಾಗಿ ನಿಷೇಧಿಸುತ್ತದೆ. 2015ರ ಜೂನ್ 5ರ ಅಧಿಸೂಚನೆಯಲ್ಲಿ ಖಾಸಗಿ ಕಂಪನಿಗಳಿಗೆ ಒಂದು ವಿನಾಯಿತಿ ಇದೆ ನಿಜ, ಆದರೆ ಅದಕ್ಕೆ ಷರತ್ತುಗಳಿವೆ: ಕಂಪನಿಯ ಷೇರು ಬಂಡವಾಳದಲ್ಲಿ ಬೇರೆ ಕಂಪನಿಯ ಹಣ ಇರಬಾರದು, ಬ್ಯಾಂಕು ಮುಂತಾದವುಗಳಿಂದ ಪಡೆದ ಸಾಲ ಪಾವತಿಯಾದ ಬಂಡವಾಳದ ಎರಡು ಪಟ್ಟಿಗಿಂತ ಅಥವಾ ₹50 ಕೋಟಿಗಿಂತ, ಯಾವುದು ಕಡಿಮೆಯೋ ಅದಕ್ಕಿಂತ, ಕಡಿಮೆ ಇರಬೇಕು, ಆ ಸಾಲಗಳ ಮರುಪಾವತಿಯಲ್ಲಿ ಬಾಕಿ ಬಿದ್ದಿರಬಾರದು. ಇಲ್ಲಿ ಬಂಡವಾಳದ ಎರಡು ಪಟ್ಟು ₹100 ಲಕ್ಷ. ಬ್ಯಾಂಕ್ ಸಾಲ ಹಿಂದಿನ ವರ್ಷಾಂತ್ಯಕ್ಕೆ ₹215 ಲಕ್ಷ, ಈ ವರ್ಷಾಂತ್ಯಕ್ಕೆ ₹240 ಲಕ್ಷ. ಎರಡನೆಯ ಷರತ್ತಿನಲ್ಲೇ ವಿನಾಯಿತಿ ಕೈಬಿಟ್ಟುಹೋಗುತ್ತದೆ. ಉಲ್ಲಂಘನೆಗೆ ಕಂಪನಿಗೆ ₹5 ಲಕ್ಷದಿಂದ ₹25 ಲಕ್ಷದವರೆಗೆ ದಂಡವಿದೆ, ಮತ್ತು ಆ ದಂಡದ ಶೇ 14 ನನ್ನ ಕಕ್ಷಿದಾರರ ಮೇಲೂ ಬೀಳುತ್ತದೆ ಎಂಬುದು ಅಲ್ಪಪಾಲಿನವರ ಸ್ಥಿತಿಯ ವಿಚಿತ್ರ.

ಪಕ್ಕದಲ್ಲಿ ಒಂದು ಮಾತು. ಹಕ್ಕಿನ ಷೇರುಗಳಿಂದ ₹50 ಲಕ್ಷ ಬಂದು ಅದನ್ನು ಕ್ಯಾಶ್ ಕ್ರೆಡಿಟ್ ಖಾತೆಗೆ ಕಟ್ಟಿದರೆ ಬ್ಯಾಂಕ್ ಸಾಲ ₹190 ಲಕ್ಷಕ್ಕೆ ಇಳಿಯುತ್ತದೆ, ಬಂಡವಾಳದ ಎರಡು ಪಟ್ಟು ₹200 ಲಕ್ಷಕ್ಕೆ ಏರುತ್ತದೆ. ಅಲ್ಲಿಗೆ ಎರಡನೆಯ ಷರತ್ತು ಪೂರೈಸಿದಂತಾಗುತ್ತದೆ. ಇದು ಉದ್ದೇಶಪೂರ್ವಕವೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಆದರೂ ಆ ಸ್ಥಿತಿಯಿಂದ ಮುಂದಿನ ಸಾಲಗಳಿಗೆ ದಾರಿ ತೆರೆಯಬಹುದೇ ಹೊರತು, ಈಗಾಗಲೇ ಕೊಟ್ಟದ್ದು ಸಕ್ರಮವಾಗುವುದಿಲ್ಲ.

ಬಡ್ಡಿಯ ಲೆಕ್ಕವೂ ಇದೆ. ಕಂಪನಿ ಆ ವರ್ಷ ಬ್ಯಾಂಕಿಗೆ ಕಟ್ಟಿದ ಬಡ್ಡಿ ₹23 ಲಕ್ಷ, ಸರಾಸರಿ ಸಾಲದ ಮೇಲೆ ಸುಮಾರು ಶೇ 10. ಬಂಧು ಸಂಸ್ಥೆಯಲ್ಲಿದ್ದ ಹಣದ ಸರಾಸರಿ ಸುಮಾರು ₹147 ಲಕ್ಷ. ಆ ಹಣ ಕಂಪನಿಯಲ್ಲೇ ಇದ್ದಿದ್ದರೆ ಬ್ಯಾಂಕಿನ ಬಡ್ಡಿಯಲ್ಲಿ ₹14 ಲಕ್ಷಕ್ಕೂ ಹೆಚ್ಚು ಉಳಿಯುತ್ತಿತ್ತು. ಕಂಪನಿ ಯಾರಿಗೇ ಸಾಲ ಕೊಟ್ಟರೂ ಸರ್ಕಾರಿ ಸಾಲಪತ್ರಗಳ ಇಳುವರಿಗಿಂತ ಕಡಿಮೆ ಬಡ್ಡಿಗೆ ಕೊಡುವಂತಿಲ್ಲ ಎಂದು 186ನೇ ಕಲಮು ಹೇಳುವುದು ಇಂಥ ಸಂದರ್ಭಕ್ಕಾಗಿಯೇ. ನಿರ್ದೇಶಕರಿಬ್ಬರ ಸಂಬಳ ₹36 ಲಕ್ಷದಿಂದ ₹48 ಲಕ್ಷಕ್ಕೆ ಏರಿದ್ದನ್ನೂ ಗುರುತು ಹಾಕಿಕೊಂಡೆ, ಆದರೆ ಖಾಸಗಿ ಕಂಪನಿಯ ನಿರ್ದೇಶಕರ ಸಂಬಳಕ್ಕೆ ಕಾಯ್ದೆಯಲ್ಲಿ ಮಿತಿಯಿಲ್ಲ. ದುಡಿಯುವವರಿಗೆ ಅದು ಅತಿಯೆಂದೂ ನನಗೆ ತೋರಲಿಲ್ಲ. ಆ ವಿಷಯವನ್ನು ಅಲ್ಲಿಗೇ ಬಿಟ್ಟೆ.

₹10ರ ಷೇರು ಮತ್ತು ಶೇ 14

ಷೇರು ಬಂಡವಾಳ ಮತ್ತು ಮೀಸಲು ಸೇರಿ ₹560 ಲಕ್ಷ. 5 ಲಕ್ಷ ಷೇರುಗಳಿಗೆ ಹಂಚಿದರೆ ಒಂದು ಷೇರಿನ ಪುಸ್ತಕ ಬೆಲೆ ₹112. ಇದನ್ನು ₹10ಕ್ಕೆ ಒಂದರಂತೆ ಇನ್ನೂ 5 ಲಕ್ಷ ಷೇರಿಗೆ ಹಿಗ್ಗಿಸಿದಾಗ ಒಟ್ಟು ₹610 ಲಕ್ಷ, ಒಂದು ಷೇರಿಗೆ ₹61. ಎಲ್ಲರೂ ತಮ್ಮ ಪಾಲನ್ನು ಕೊಂಡರೆ ಯಾರಿಗೂ ನಷ್ಟವಿಲ್ಲ. ಆಕೆ ₹7 ಲಕ್ಷ ಕಟ್ಟದೆ ಸುಮ್ಮನಿದ್ದು, ಆ ಷೇರುಗಳನ್ನು ಉಳಿದವರು ಕೊಂಡರೆ ಮಾತ್ರ ಆಕೆಯ ಪಾಲು ಶೇ 7ಕ್ಕೆ ಇಳಿಯುತ್ತದೆ, ಪುಸ್ತಕ ಬೆಲೆ ₹78.4 ಲಕ್ಷದಿಂದ ₹42.7 ಲಕ್ಷಕ್ಕೆ ಕುಸಿಯುತ್ತದೆ. ವ್ಯತ್ಯಾಸದ ₹35.7 ಲಕ್ಷ ಕೊಂಡವರ ಪಾಲಿಗೆ ಸದ್ದಿಲ್ಲದೆ ಸೇರುತ್ತದೆ. ಇದಕ್ಕೆ ಯಾರೂ ಕಾಯ್ದೆ ಮುರಿಯಬೇಕಿಲ್ಲ. ಎಲ್ಲ ಷೇರುದಾರರಿಗೂ ಸಮವಾಗಿ ಕೊಡುವ ಹಕ್ಕಿನ ಷೇರಿಗೆ ಕಂಪನಿ ಕಾಯ್ದೆ ಮೌಲ್ಯಮಾಪನ ವರದಿಯನ್ನು ಕೇಳುವುದಿಲ್ಲ, ಮುಖಬೆಲೆಗಿಂತ ಕಡಿಮೆ ಇರದಿದ್ದರೆ ಸಾಕು. ಆಹ್ವಾನದ ಅವಧಿ ಹೆಚ್ಚೆಂದರೆ 30 ದಿನ. ಅಷ್ಟರಲ್ಲಿ ಒಪ್ಪಿಗೆ ಕೊಡದಿದ್ದರೆ ಬೇಡವೆಂದಂತೆಯೇ.

₹112 ಎಂಬುದು ಬಂಧು ಸಂಸ್ಥೆಯ ₹210 ಲಕ್ಷ ಪೂರ್ತಿ ವಾಪಸ್ ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಅಂಕಿ. ಪಾಲುದಾರಿಕೆ ಸಂಸ್ಥೆಗಳ ಲೆಕ್ಕಪತ್ರಗಳು ಕಂಪನಿಗಳದ್ದರಂತೆ ಸಾರ್ವಜನಿಕರಿಗೆ ಸಿಗುವುದಿಲ್ಲವಾದ್ದರಿಂದ ಅದರ ತಾಕತ್ತನ್ನು ಅಳೆಯಲು ನನಗೆ ದಾರಿಯಿರಲಿಲ್ಲ. ಒಂದು ಪೈಸೆಯೂ ಬರುವುದಿಲ್ಲವೆಂದು ಹಿಡಿದರೆ ಷೇರಿನ ಬೆಲೆ ಈಗ ₹70, ಹೊಸ ಷೇರುಗಳ ನಂತರ ₹40. ಅತಿ ಕೆಟ್ಟ ಲೆಕ್ಕದಲ್ಲೂ ₹40ರ ವಸ್ತು ₹10ಕ್ಕೆ ಸಿಗುತ್ತಿದೆ. ಆದ್ದರಿಂದ ಷೇರು ಕೊಳ್ಳುವುದೇ ಸರಿ ಎಂಬ ತೀರ್ಮಾನ ಅಂದಾಜಿನ ಮೇಲೆ ನಿಂತಿರಲಿಲ್ಲ. ಆದರೆ ಆ ₹7 ಲಕ್ಷವೂ ಲಾಭಾಂಶ ಕೊಡದ, ಷೇರು ಮಾರಲು ಮಾರುಕಟ್ಟೆಯಿಲ್ಲದ ಅದೇ ಕಂಪನಿಯೊಳಗೆ ಹೋಗಿ ಕೂರುತ್ತದೆ ಎಂಬುದನ್ನೂ ಆಕೆಗೆ ಸ್ಪಷ್ಟವಾಗಿ ಹೇಳಬೇಕಿತ್ತು.

ಪಾಲು ಶೇ 10ಕ್ಕಿಂತ ಕೆಳಗಿಳಿದರೆ ಹೋಗುವ ಹಕ್ಕು ಯಾವುದು ಎಂಬಲ್ಲಿ ಅನೇಕರು ಗೊಂದಲ ಮಾಡಿಕೊಳ್ಳುತ್ತಾರೆ. ವಿಶೇಷ ಮಹಾಸಭೆ ಕರೆಯುವಂತೆ ಒತ್ತಾಯಿಸುವ ಹಕ್ಕಿಗೆ ಪಾವತಿಯಾದ ಬಂಡವಾಳದ ಹತ್ತನೇ ಒಂದು ಭಾಗ ಬೇಕು, ಅದು ಖಂಡಿತ ಹೋಗುತ್ತದೆ. ದಬ್ಬಾಳಿಕೆ ಮತ್ತು ದುರಾಡಳಿತದ ವಿರುದ್ಧ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುವ ಹಕ್ಕು ಮಾತ್ರ ಹಾಗಲ್ಲ. 244ನೇ ಕಲಮಿನಲ್ಲಿ ಷೇರಿನ ಹತ್ತನೇ ಒಂದು ಭಾಗದ ಜೊತೆಗೆ ಸದಸ್ಯರ ಸಂಖ್ಯೆಯ ಹತ್ತನೇ ಒಂದು ಭಾಗ ಎಂಬ ಇನ್ನೊಂದು ಅಳತೆಯೂ ಇದೆ. ಆರೇ ಸದಸ್ಯರಿರುವ ಈ ಕಂಪನಿಯಲ್ಲಿ ಒಬ್ಬರೇ ಸಾಕು.

ಕೊಟ್ಟ ಸಾರಾಂಶ, ಆಮೇಲೆ ನಡೆದದ್ದು

ಆಕೆಗೆ ಬರೆದುಕೊಟ್ಟ ಪುಟದ ಮುಖ್ಯ ಭಾಗ ಹೀಗಿತ್ತು: “ಕಂಪನಿ ಲಾಭದಲ್ಲಿದೆ, ವ್ಯಾಪಾರ ಆರೋಗ್ಯವಾಗಿದೆ. ಈ ವರ್ಷ ವ್ಯಾಪಾರದಿಂದ ಬಂದು ಉಳಿದ ಹಣವೂ, ಅದರ ಮೇಲೆ ಬ್ಯಾಂಕಿನಿಂದ ತಂದ ₹55 ಲಕ್ಷವೂ ನಿರ್ದೇಶಕರೊಬ್ಬರ ಸಂಸ್ಥೆಗೆ ಬಡ್ಡಿಯಿಲ್ಲದೆ ಹೋಗಿವೆ. ಅದನ್ನು ಸರಕಿನ ಮುಂಗಡವೆಂದು ತೋರಿಸಿದ್ದಾರೆ, ಖರೀದಿಯ ಪ್ರಮಾಣ ಅದನ್ನು ಸಮರ್ಥಿಸುವುದಿಲ್ಲ. ಹಕ್ಕಿನ ಷೇರಿನ ಪತ್ರ ಬಂದರೆ ಅವಧಿಯೊಳಗೆ ₹7 ಲಕ್ಷ ಕಟ್ಟಿ. ಕಟ್ಟುವುದು ಒಪ್ಪಿಗೆಯ ಗುರುತಲ್ಲ ಎಂದು ಬೇರೆ ಪತ್ರ ಬರೆಯಿರಿ.” ಇದರ ಕೆಳಗೆ ಸಭೆಗೆ ಮೊದಲೇ ಇಮೇಲ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳಿದ್ದವು: ಮುಂಗಡಕ್ಕೆ ಲಿಖಿತ ಖರೀದಿ ಆದೇಶ ಇದೆಯೇ, ಸರಕು ಬರಬೇಕಾದ ದಿನಾಂಕ ಯಾವುದು, ಹಣ ಹಿಂದಿರುಗಿದರೆ ಹಕ್ಕಿನ ಷೇರುಗಳ ಅಗತ್ಯ ಉಳಿಯುತ್ತದೆಯೇ. ಸಭೆಯಲ್ಲಿ ಬಾಯಿಮಾತಿನಲ್ಲಿ ಕೇಳಿದ್ದು ನಡಾವಳಿಯಲ್ಲಿ ಸೇರದೆ ಹೋಗಬಹುದಾದ್ದರಿಂದ ಮೊದಲೇ ಬರೆಯುವುದು ಮುಖ್ಯ.

ಮಂಡಳಿ ಸಭೆಯ ನಡಾವಳಿಗಳನ್ನು ನೋಡುವ ಹಕ್ಕು ಷೇರುದಾರರಿಗಿಲ್ಲ. ಆದರೆ 189ನೇ ಕಲಮಿನ ಪ್ರಕಾರ, ನಿರ್ದೇಶಕರಿಗೆ ಹಿತಾಸಕ್ತಿಯಿರುವ ಕರಾರುಗಳ ರಿಜಿಸ್ಟರನ್ನು ನೋಂದಾಯಿತ ಕಚೇರಿಯಲ್ಲಿ ಯಾವ ಸದಸ್ಯರಾದರೂ ನೋಡಬಹುದು, ಮಹಾಸಭೆಯಲ್ಲಿ ಅದನ್ನು ಮುಂದಿಡಲೂಬೇಕು. ಆಕೆ ಸಭೆಯ ದಿನ ಅದನ್ನು ಕೇಳಿ ಓದಿದರು. ಆ ಸಂಸ್ಥೆಯ ಹೆಸರಿನ ಮುಂದೆ ‘ಬಿಡಿಭಾಗಗಳ ಖರೀದಿ’ ಎಂದಷ್ಟೇ ಇತ್ತು, ಪ್ರಮಾಣವಾಗಲಿ ಪೂರೈಕೆಯ ದಿನಾಂಕವಾಗಲಿ ಇರಲಿಲ್ಲ. ಬಂಡವಾಳ ಏರಿಸುವ ಠರಾವು ಶೇ 86ರ ಬಲದಿಂದ ಅಂಗೀಕಾರವಾಯಿತು. ಅದನ್ನು ತಡೆಯುವ ನಿರೀಕ್ಷೆ ನಮಗೂ ಇರಲಿಲ್ಲ. ಆಹ್ವಾನಪತ್ರ ಬಂದಾಗ ಆಕೆ ಆಕ್ಷೇಪಣಾ ಪತ್ರದೊಂದಿಗೆ ₹7 ಲಕ್ಷ ಕಟ್ಟಿ ಶೇ 14 ಉಳಿಸಿಕೊಂಡರು. 185ನೇ ಕಲಮನ್ನು ಹೆಸರಿಸಿ ಬರೆದ ಪತ್ರಕ್ಕೆ, ಮುಂಗಡವನ್ನು 18 ತಿಂಗಳ ಕಂತುಗಳಲ್ಲಿ ಹಿಂಪಡೆಯುತ್ತೇವೆ ಎಂಬ ಉತ್ತರ ಕಂಪನಿಯಿಂದ ಬಂತು. ಬಡ್ಡಿಯ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ, ಆಕೆಯೂ ಅದನ್ನು ಬಿಟ್ಟುಕೊಟ್ಟಿಲ್ಲ.

ಕಂತು ಬರುತ್ತಿದೆಯೇ ಎಂಬುದನ್ನು ಮುಂದಿನ ಬ್ಯಾಲೆನ್ಸ್ ಶೀಟಿನಲ್ಲಿ ನೋಡುವಾಗ ಮಾರ್ಚ್ 31ರ ಬಾಕಿಯೊಂದನ್ನೇ ನಂಬುವಂತಿಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಹಣ ಬಂದು, ಏಪ್ರಿಲ್ ಮೊದಲ ವಾರದಲ್ಲಿ ಮರಳಿ ಹೋದರೆ ಬ್ಯಾಲೆನ್ಸ್ ಶೀಟು ಶುಭ್ರವಾಗಿ ಕಾಣುತ್ತದೆ. ಸಂಬಂಧಿತ ಪಕ್ಷಗಳ ಟಿಪ್ಪಣಿಯಲ್ಲಿ ವರ್ಷದೊಳಗೆ ಕೊಟ್ಟ ಮತ್ತು ಪಡೆದ ಮೊತ್ತಗಳನ್ನೂ ಓದಬೇಕು, ಬಡ್ಡಿ ವೆಚ್ಚ ಇಳಿದಿದೆಯೇ ಎಂದು ಲಾಭ ನಷ್ಟದ ಲೆಕ್ಕದಲ್ಲಿ ನೋಡಬೇಕು. ಬಾಕಿ ಅರ್ಧಕ್ಕೆ ಇಳಿದೂ ಬ್ಯಾಂಕಿನ ಬಡ್ಡಿ ಮೊದಲಿನಷ್ಟೇ ಇದ್ದರೆ, ವರ್ಷದ ಹೆಚ್ಚಿನ ದಿನ ಹಣ ಹೊರಗೇ ಇತ್ತೇ ಎಂಬ ಪ್ರಶ್ನೆಯನ್ನು ಮುಂದಿನ ಮಹಾಸಭೆಗೆ ಮೊದಲೇ ಬರೆದು ಕೇಳಬೇಕಾಗುತ್ತದೆ.